ನಿರೀಕ್ಷಿತ ಸಾಲ ನಷ್ಟ

ನಿರೀಕ್ಷಿತ ಸಾಲ ನಷ್ಟ ಎಂದರೆ ಬ್ಯಾಂಕು ಅಥವಾ ಹಣಕಾಸು ಸಂಸ್ಥೆಯೊಂದು ತಾನು ಕೊಟ್ಟ ಸಾಲಗಳ ಮೇಲೆ ಗೊತ್ತಾದ ಅವಧಿಯೊಳಗೆ ಸರಾಸರಿಯಾಗಿ ಕಳೆದುಕೊಳ್ಳಬಹುದಾದ ಮೊತ್ತ. ಸಾಲಗಾರ ಸುಸ್ತಿಯಾಗುವ ಸಂಭವ ಎಷ್ಟು, ಸುಸ್ತಿಯಾದ ದಿನ ಅವನಿಂದ ಬರಬೇಕಾದ ಬಾಕಿ ಎಷ್ಟು, ಆ ಬಾಕಿಯಲ್ಲಿ ಕೊನೆಗೆ ವಸೂಲಾಗುವುದು ಎಷ್ಟು ಎಂಬ ಮೂರು ಅಂದಾಜುಗಳ ಗುಣಲಬ್ಧವಾಗಿ ಇದನ್ನು ಲೆಕ್ಕ ಹಾಕುತ್ತಾರೆ:

ನಿರೀಕ್ಷಿತ ನಷ್ಟ = ಸುಸ್ತಿ ಸಂಭವನೀಯತೆ × (1 − ವಸೂಲಾತಿ ದರ) × ಸುಸ್ತಿ ಕಾಲದ ಬಾಕಿ

ಒಂದರಿಂದ ವಸೂಲಾತಿ ದರವನ್ನು ಕಳೆದಾಗ ಉಳಿಯುವುದು ನಷ್ಟ ಪ್ರಮಾಣ. ಬ್ಯಾಂಕುಗಳ ದಿನಬಳಕೆಯಲ್ಲಿ ಸುಸ್ತಿ ಸಂಭವನೀಯತೆಗೆ ಪಿಡಿ, ನಷ್ಟ ಪ್ರಮಾಣಕ್ಕೆ ಎಲ್‌ಜಿಡಿ, ಸುಸ್ತಿ ಕಾಲದ ಬಾಕಿಗೆ ಇಎಡಿ ಎಂಬ ಹ್ರಸ್ವನಾಮಗಳಿವೆ. ಹೀಗೆ ಸಿಗುವ ಮೊತ್ತ ಬರುವ ವರ್ಷದ ನಷ್ಟದ ಭವಿಷ್ಯವಾಣಿಯಲ್ಲ. ಅದು ಸಾಲ ಕೊಡುವ ವ್ಯವಹಾರದ ಮಾಮೂಲು ಖರ್ಚಿನ ಅಂದಾಜು. ಆದ್ದರಿಂದ ಅದನ್ನು ಬಡ್ಡಿದರದಲ್ಲಿ ಸೇರಿಸಿ ವಸೂಲು ಮಾಡುತ್ತಾರೆ, ಲೆಕ್ಕಪತ್ರದಲ್ಲಿ ಅದಕ್ಕೆ ಮುಂಚಿತವಾಗಿ ಹಣ ತೆಗೆದಿಡುತ್ತಾರೆ.

## ಹಿನ್ನೆಲೆ

ಸಾಲಗಾರನ ಸುಸ್ತಿಯನ್ನು ಅಂಕಿಅಂಶಗಳಿಂದ ಅಳೆಯುವ ಆಧುನಿಕ ಪ್ರಯತ್ನಗಳಲ್ಲಿ ಎರಡನ್ನು ಮುಖ್ಯವಾಗಿ ಹೆಸರಿಸುವುದು ವಾಡಿಕೆ. 1968ರಲ್ಲಿ ಎಡ್ವರ್ಡ್ ಆಲ್ಟ್‌ಮನ್ ಕಂಪನಿಯ ಹಣಕಾಸು ಅನುಪಾತಗಳಿಂದ ದಿವಾಳಿಯ ಸಾಧ್ಯತೆಯನ್ನು ಗುರುತಿಸುವ ‘ಝೆಡ್ ಸ್ಕೋರ್’ ಸೂತ್ರವನ್ನು ಪ್ರಕಟಿಸಿದ. 1974ರಲ್ಲಿ ರಾಬರ್ಟ್ ಮರ್ಟನ್ ಕಂಪನಿಯ ಆಸ್ತಿಯ ಮೌಲ್ಯ ಅದರ ಸಾಲಕ್ಕಿಂತ ಕೆಳಗಿಳಿಯುವ ಘಟನೆಯನ್ನೇ ಸುಸ್ತಿಯೆಂದು ಹಿಡಿದು ಲೆಕ್ಕ ಹಾಕುವ ದಾರಿ ತೋರಿಸಿದ. ಒಂದೊಂದೇ ಸಾಲದಿಂದ ಇಡೀ ಸಾಲ ಸಮೂಹದ ಲೆಕ್ಕಕ್ಕೆ ದಾಟಿದ್ದು 1990ರ ದಶಕದಲ್ಲಿ, ಜೆ.ಪಿ. ಮಾರ್ಗನ್ ಬ್ಯಾಂಕಿನ ‘ಕ್ರೆಡಿಟ್‌ಮೆಟ್ರಿಕ್ಸ್’ ಬಂದದ್ದು 1997ರಲ್ಲಿ.

ಮೂರು ಅಂಶಗಳ ಸೂತ್ರ ಜಗತ್ತಿನ ಬ್ಯಾಂಕುಗಳಲ್ಲೆಲ್ಲ ಬಳಕೆಗೆ ಬರಲು ಬಾಸೆಲ್ ಸಮಿತಿ ಕಾರಣ. 1988ರ ಮೊದಲ ಬಾಸೆಲ್ ಒಪ್ಪಂದದಲ್ಲಿ ಖಾಸಗಿ ಕಂಪನಿಗಳ ಸಾಲಗಳಿಗೆಲ್ಲ ಒಂದೇ ಅಳತೆಯಲ್ಲಿ, ನೂರಕ್ಕೆ 8ರಂತೆ, ಬಂಡವಾಳ ಇಡಬೇಕಿತ್ತು. 2004ರ ಎರಡನೆಯ ಒಪ್ಪಂದ ಬ್ಯಾಂಕುಗಳಿಗೆ ತಮ್ಮದೇ ಅಂದಾಜುಗಳನ್ನು ಬಳಸುವ ಅವಕಾಶ ಕೊಟ್ಟಿತು. ಕರಡಿನ ಹಂತದಲ್ಲಿ ನಿರೀಕ್ಷಿತ ಮತ್ತು ಅನಿರೀಕ್ಷಿತ ನಷ್ಟಗಳೆರಡಕ್ಕೂ ಬಂಡವಾಳವನ್ನೇ ಕೇಳಲಾಗಿತ್ತು. 2003ರ ಅಕ್ಟೋಬರ್‌ನಲ್ಲಿ ಮ್ಯಾಡ್ರಿಡ್‌ನಲ್ಲಿ ಸೇರಿದ ಸಮಿತಿ ಇವೆರಡನ್ನೂ ಬೇರ್ಪಡಿಸುವ ಪ್ರಸ್ತಾವ ಮಾಡಿತು. ನಿರೀಕ್ಷಿತ ನಷ್ಟವನ್ನು ತೆಗೆದಿಟ್ಟ ಹಣ ಭರಿಸಬೇಕು, ಅದರಾಚೆಗಿನದಕ್ಕೆ ಬಂಡವಾಳ ಹೆಗಲು ಕೊಡಬೇಕು ಎಂಬ ಈಗಿನ ವಿಭಜನೆ ಅಲ್ಲಿಂದ ಬಂದದ್ದು.

## ಸುಸ್ತಿ ಸಂಭವನೀಯತೆ

ಮೊದಲು ಸುಸ್ತಿ ಎಂದರೇನೆಂದು ಗೊತ್ತುಮಾಡಿಕೊಳ್ಳಬೇಕು. ಕಂತು ಅಥವಾ ಬಡ್ಡಿ 90 ದಿನಗಳಿಗಿಂತ ಹೆಚ್ಚು ಬಾಕಿ ಉಳಿಯುವುದು ಸಾಮಾನ್ಯ ಗೆರೆ. ಭಾರತದಲ್ಲಿ ಅನುತ್ಪಾದಕ ಆಸ್ತಿಯನ್ನು ಗುರುತಿಸಲು ಇದೇ ಗೆರೆ 2004ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಬೆಳೆಸಾಲಕ್ಕೆ ಮಾತ್ರ ಲೆಕ್ಕ ಹಂಗಾಮಿನದು: ಅಲ್ಪಾವಧಿ ಬೆಳೆಯಾದರೆ ಎರಡು ಹಂಗಾಮು, ದೀರ್ಘಾವಧಿ ಬೆಳೆಯಾದರೆ ಒಂದು ಹಂಗಾಮು ಬಾಕಿ ಉಳಿದರೆ ಖಾತೆ ಅನುತ್ಪಾದಕವಾಗುತ್ತದೆ.

ಅಂದಾಜಿನ ಸರಳ ವಿಧಾನ ಎಣಿಕೆ. ಏಪ್ರಿಲ್ 1ರಂದು ಸರಿಯಾಗಿ ನಡೆಯುತ್ತಿದ್ದ 2,000 ಖಾತೆಗಳನ್ನು ಒಂದು ಗುಂಪಾಗಿ ಹಿಡಿದು, ಮುಂದಿನ ಮಾರ್ಚ್ 31ರೊಳಗೆ ಅವುಗಳಲ್ಲಿ 44 ಖಾತೆಗಳು ಗೆರೆ ದಾಟಿದ್ದರೆ ಆ ವರ್ಷದ ಸುಸ್ತಿ ದರ ಶೇ. 2.2. ಹಲವು ವರ್ಷಗಳ ಇಂಥ ದರಗಳ ಸರಾಸರಿಯಿಂದ ಸಂಭವನೀಯತೆ ಸಿಗುತ್ತದೆ. ಎಣಿಕೆ ತಪ್ಪುವುದು ಹೆಚ್ಚಾಗಿ ಗುಂಪಿನ ಅಂಚುಗಳಲ್ಲಿ. ಜುಲೈನಲ್ಲಿ ಸುಸ್ತಿಯಾಗಿ ಜನವರಿಯಲ್ಲಿ ಬಾಕಿ ತೀರಿಸಿದ ಖಾತೆ ವರ್ಷಾಂತ್ಯದ ಪಟ್ಟಿಯಲ್ಲಿ ಸರಿಯಾಗಿಯೇ ಕಾಣುತ್ತದೆ, ಆದರೆ ಅದನ್ನು ಸುಸ್ತಿಯೆಂದೇ ಎಣಿಸಬೇಕು. ಹಳೆಯ ಸಾಲ ತೀರಿಸಲೆಂದೇ ಹೊಸ ಸಾಲ ಕೊಟ್ಟು ಖಾತೆಯನ್ನು ಜೀವಂತ ಇಟ್ಟಿದ್ದರೆ ಎಣಿಕೆಯೇ ಹುಸಿಯಾಗುತ್ತದೆ. ಇದರ ಸುಳಿವು ಲೆಡ್ಜರ್‌ನಲ್ಲಿಯೇ ಇರುತ್ತದೆ. ಮಾರ್ಚ್ ಕೊನೆಯ ವಾರ ಜಮೆಯಾದಷ್ಟೇ ಮೊತ್ತ ಏಪ್ರಿಲ್ ಮೊದಲ ವಾರ ಮತ್ತೆ ಹೊರಗೆ ಹೋಗಿರುವ ಖಾತೆಗಳನ್ನು ಬೇರೆ ತೆಗೆದು ನೋಡಿದರೆ ನಿಜವಾದ ದರ ಎಷ್ಟು ಮೇಲಿದೆ ಎಂಬುದು ತಿಳಿಯುತ್ತದೆ.

ಸುಸ್ತಿಯೇ ಕಾಣದ ಗುಂಪುಗಳದು ಇನ್ನೊಂದು ತೊಡಕು. 300 ಸಾಲಗಳಲ್ಲಿ ಒಂದೂ ಸುಸ್ತಿಯಾಗಿಲ್ಲ ಎಂದ ಮಾತ್ರಕ್ಕೆ ಸಂಭವನೀಯತೆ ಸೊನ್ನೆಯಾಗುವುದಿಲ್ಲ. ಸಾಲಗಳು ಒಂದನ್ನೊಂದು ಅವಲಂಬಿಸಿಲ್ಲ ಎಂದು ಹಿಡಿದರೂ, ಇಷ್ಟು ಪುರಾವೆಯಿಂದ ಶೇ. 95ರ ವಿಶ್ವಾಸದಲ್ಲಿ ಹೇಳಬಹುದಾದದ್ದು ಅದು ಶೇ. 1ಕ್ಕಿಂತ ಹೆಚ್ಚಿರಲಾರದು ಎಂಬುದಷ್ಟೆ. ಅದಕ್ಕಾಗಿಯೇ ನಿಯಂತ್ರಕರು ಕನಿಷ್ಠ ಮಿತಿ ಹಾಕುತ್ತಾರೆ. ಬಾಸೆಲ್ ನಿಯಮದಲ್ಲಿ ಕಂಪನಿ ಸಾಲಗಳಿಗೆ ಅದು ಮೊದಲು ಶೇ. 0.03 ಇತ್ತು, 2017ರ ಪರಿಷ್ಕರಣೆಯಲ್ಲಿ ಶೇ. 0.05 ಆಯಿತು.

## ವಸೂಲಾತಿ ದರ

ಮೂರು ಅಂಶಗಳಲ್ಲಿ ಅಂದಾಜಿಗೆ ಅತಿ ಕಷ್ಟವಾದದ್ದು ಇದು. ಸುಸ್ತಿ ಒಂದು ದಿನಾಂಕದಲ್ಲಿ ಆಗುವ ಘಟನೆ. ವಸೂಲಾತಿ ವರ್ಷಗಟ್ಟಲೆ ನಡೆಯುವ ಕೆಲಸ. ಕೈಗೆ ಬಂದ ಹಣವನ್ನೆಲ್ಲ ಕೂಡಿ ಬಾಕಿಯಿಂದ ಭಾಗಿಸಿದರೆ ದರ ಸಿಗುವುದಿಲ್ಲ. ಖರ್ಚು ಕಳೆಯಬೇಕು, ತಡವಾಗಿ ಬಂದ ಹಣವನ್ನು ಸುಸ್ತಿಯಾದ ದಿನದ ಮೌಲ್ಯಕ್ಕೆ ಇಳಿಸಬೇಕು.

ಒಂದು ಗೃಹಸಾಲವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಸುಸ್ತಿಯಾದ ದಿನ ಬಾಕಿ 30 ಲಕ್ಷ ರೂಪಾಯಿ. ಭದ್ರತಾ ಹಿತಾಸಕ್ತಿ ಜಾರಿಗೆಂದು 2002ರಲ್ಲಿ ಬಂದ ಸರ್ಫೇಸಿ ಕಾಯ್ದೆಯಂತೆ ಬ್ಯಾಂಕು ಮೊದಲು 60 ದಿನಗಳ ಬೇಡಿಕೆ ನೋಟಿಸು ಕೊಡುತ್ತದೆ. ಅದಾದ ಮೇಲೆ ಸಾಂಕೇತಿಕ ಸ್ವಾಧೀನ, ಆಮೇಲೆ ಮ್ಯಾಜಿಸ್ಟ್ರೇಟರ ನೆರವಿನಿಂದ ನಿಜವಾದ ಸ್ವಾಧೀನ, ಮೌಲ್ಯಮಾಪನ, ಮೀಸಲು ಬೆಲೆ, ಹರಾಜು. ಮೊದಲ ವರ್ಷದ ಕೊನೆಗೆ ಸಾಲಗಾರ 2.20 ಲಕ್ಷ ಕಟ್ಟಿದ. ನೋಟಿಸು, ವಕೀಲರ ಶುಲ್ಕಗಳಿಗೆ 55 ಸಾವಿರ ಹೋಯಿತು. ಎರಡನೆಯ ವರ್ಷದ ಕೊನೆಗೆ ಮನೆ 25.40 ಲಕ್ಷಕ್ಕೆ ಹರಾಜಾಯಿತು, ಖರ್ಚು 1.20 ಲಕ್ಷ. ಒಟ್ಟು ಬಂದದ್ದು 27.60 ಲಕ್ಷ, ಅಂದರೆ ಬಾಕಿಯ ಶೇ. 92. ಶಾಖೆಯ ಪುಸ್ತಕದಲ್ಲಿ ಇದು ಬಹಳ ಒಳ್ಳೆಯ ವಸೂಲಾತಿಯಾಗಿ ಕಾಣುತ್ತದೆ.

ವರ್ಷಕ್ಕೆ ಶೇ. 10ರ ಕಡಿತದರದಲ್ಲಿ ಅದನ್ನೇ ಮತ್ತೆ ನೋಡಿದರೆ ಚಿತ್ರ ಬದಲಾಗುತ್ತದೆ. ಮೊದಲ ವರ್ಷದ ನಿವ್ವಳ 1.65 ಲಕ್ಷದ ಮೌಲ್ಯ 1.50 ಲಕ್ಷ. ಎರಡನೆಯ ವರ್ಷದ ನಿವ್ವಳ 24.20 ಲಕ್ಷದ ಮೌಲ್ಯ 20 ಲಕ್ಷ. ಒಟ್ಟು 21.50 ಲಕ್ಷ, ವಸೂಲಾತಿ ದರ ಶೇ. 71.7, ನಷ್ಟ ಪ್ರಮಾಣ ಶೇ. 28.3. ಅದೇ ಬೆಲೆಯ ಹರಾಜು ತಡೆಯಾಜ್ಞೆಯಿಂದಲೋ ಬಿಡ್‌ದಾರರು ಬಾರದ್ದರಿಂದಲೋ ಇನ್ನೆರಡು ವರ್ಷ ಮುಂದೆ ಹೋದರೆ 24.20 ಲಕ್ಷದ ಮೌಲ್ಯ 16.53 ಲಕ್ಷಕ್ಕೆ ಇಳಿಯುತ್ತದೆ, ನಷ್ಟ ಪ್ರಮಾಣ ಸುಮಾರು ಶೇ. 40 ಆಗುತ್ತದೆ. ಮನೆಯ ಬೆಲೆ ಒಂದು ರೂಪಾಯಿಯೂ ಇಳಿಯದೆ ನಷ್ಟ ಇಷ್ಟು ಏರಿತು.

ಚಿನ್ನದ ಸಾಲದಲ್ಲಿ ಇದಕ್ಕೆ ವಿರುದ್ಧವಾದ ಸ್ಥಿತಿ ಇದೆ. ಒಡವೆ ಬ್ಯಾಂಕಿನ ಕಪಾಟಿನಲ್ಲೇ ಇರುತ್ತದೆ, ನೋಟಿಸಿನ ಅವಧಿ ಮುಗಿದರೆ ಹರಾಜಿಗೆ ಹೆಚ್ಚು ಕಾಲ ಬೇಡ, ಸಾಲವೂ ಮೌಲ್ಯದ ಒಂದು ಭಾಗ ಮಾತ್ರ. ಹೀಗಾಗಿ ಸುಸ್ತಿ ಹೆಚ್ಚಿದ್ದರೂ ನಷ್ಟ ಅತ್ಯಲ್ಪ. ಅದು ಏರುವುದು ಚಿನ್ನದ ಬೆಲೆ ಕುಸಿದಾಗ ಅಥವಾ ಒತ್ತೆ ಒಡವೆಯ ಶುದ್ಧತೆಯ ಪರೀಕ್ಷೆ ತಪ್ಪಿದಾಗ. ಒತ್ತೆಯಿಲ್ಲದ ವೈಯಕ್ತಿಕ ಸಾಲದಲ್ಲಿ ವಸೂಲಾತಿ ಪೂರ್ತಿಯಾಗಿ ಸಾಲಗಾರನ ಆದಾಯಕ್ಕೆ ಬಿಟ್ಟದ್ದು.

ದತ್ತಾಂಶದಲ್ಲಿ ಅಡಗಿರುವ ಒಂದು ಓರೆಯನ್ನೂ ಗಮನಿಸಬೇಕು. ಬೇಗ ಮುಗಿಯುವ ಪ್ರಕರಣಗಳಲ್ಲಿ ವಸೂಲಾತಿ ಸಾಮಾನ್ಯವಾಗಿ ಚೆನ್ನಾಗಿರುತ್ತದೆ, ಕೆಟ್ಟವು ನ್ಯಾಯಾಲಯದಲ್ಲಿ ಉಳಿದಿರುತ್ತವೆ. ಮುಗಿದ ಕಡತಗಳನ್ನು ಮಾತ್ರ ಸೇರಿಸಿ ಸರಾಸರಿ ತೆಗೆದರೆ ವಸೂಲಾತಿ ದರ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ.

## ಸುಸ್ತಿ ಕಾಲದ ಬಾಕಿ

ಕಂತಿನ ಸಾಲಗಳಲ್ಲಿ ಇದು ಹೆಚ್ಚು ಕಡಿಮೆ ಲೆಡ್ಜರ್‌ನ ಬಾಕಿಯೇ, ಕಟ್ಟದ ಬಡ್ಡಿ ಸೇರಿಕೊಂಡು. ಕ್ಯಾಶ್ ಕ್ರೆಡಿಟ್, ಓವರ್‌ಡ್ರಾಫ್ಟ್, ಕ್ರೆಡಿಟ್ ಕಾರ್ಡುಗಳಲ್ಲಿ ಹಾಗಲ್ಲ. ಅಲ್ಲಿ ಮಂಜೂರಾದ ಮಿತಿ ಒಂದು, ಬಳಸಿಕೊಂಡ ಮೊತ್ತ ಇನ್ನೊಂದು, ಮತ್ತು ಕೈ ಕಟ್ಟಿದ ವ್ಯಾಪಾರಿ ಮುಳುಗುವ ಮುಂಚೆ ಉಳಿದ ಮಿತಿಯನ್ನೂ ಎಳೆದುಕೊಳ್ಳುತ್ತಾನೆ. ಆದ್ದರಿಂದ ಬಳಸದೆ ಉಳಿದ ಮಿತಿಯ ಒಂದು ಪಾಲನ್ನು ಬಾಕಿಗೆ ಸೇರಿಸುತ್ತಾರೆ. ಈ ಪಾಲಿಗೆ ಸಾಲ ಪರಿವರ್ತನಾಂಕ ಎಂದು ಹೆಸರು. 60 ಲಕ್ಷದ ಮಿತಿಯಲ್ಲಿ 36 ಲಕ್ಷ ಬಳಕೆಯಾಗಿದ್ದು ಪರಿವರ್ತನಾಂಕ ಶೇ. 50 ಇದ್ದರೆ ಸುಸ್ತಿ ಕಾಲದ ಬಾಕಿ 36 + 12 = 48 ಲಕ್ಷ. ಹಿಂದೆ ಸುಸ್ತಿಯಾದ ಖಾತೆಗಳಲ್ಲಿ ಒಂದು ವರ್ಷ ಮೊದಲು ಬಳಕೆ ಎಷ್ಟಿತ್ತು, ಸುಸ್ತಿಯ ದಿನ ಎಷ್ಟಾಗಿತ್ತು ಎಂದು ಹೋಲಿಸಿ ಈ ಅಂಕವನ್ನು ಗೊತ್ತುಮಾಡುತ್ತಾರೆ.

## ಸಾಲ ಸಮೂಹದ ಲೆಕ್ಕ

ಸಮೂಹದ ನಿರೀಕ್ಷಿತ ನಷ್ಟ ಅದರೊಳಗಿನ ಸಾಲಗಳ ನಿರೀಕ್ಷಿತ ನಷ್ಟಗಳ ಮೊತ್ತ. ಸಾಲಗಾರರ ಸುಸ್ತಿಗಳಿಗೆ ಪರಸ್ಪರ ಸಂಬಂಧ ಇರಲಿ, ಇಲ್ಲದಿರಲಿ, ಈ ಕೂಡಿಕೆ ತಪ್ಪುವುದಿಲ್ಲ. ಕೆಳಗಿನದು ಒಂದು ಕಲ್ಪಿತ ಬ್ಯಾಂಕಿನ ನಾಲ್ಕು ವಿಭಾಗಗಳ ಲೆಕ್ಕ.

| ವಿಭಾಗ | ಬಾಕಿ (ಕೋಟಿ ರೂ.) | ಸುಸ್ತಿ ಸಂಭವ (ಶೇ.) | ವಸೂಲಾತಿ (ಶೇ.) | ನಿರೀಕ್ಷಿತ ನಷ್ಟ (ಲಕ್ಷ ರೂ.) |
|---|---|---|---|---|
| ಗೃಹಸಾಲ | 100 | 1.5 | 75 | 37.5 |
| ಕ್ಯಾಶ್ ಕ್ರೆಡಿಟ್ | 48 | 3 | 55 | 64.8 |
| ಚಿನ್ನದ ಸಾಲ | 40 | 4 | 98 | 3.2 |
| ವೈಯಕ್ತಿಕ ಸಾಲ | 20 | 5 | 30 | 70.0 |

ಒಟ್ಟು 208 ಕೋಟಿಯ ಮೇಲೆ 175.5 ಲಕ್ಷ, ಅಂದರೆ ಶೇ. 0.84. ವೈಯಕ್ತಿಕ ಸಾಲ ಬಾಕಿಯಲ್ಲಿ ಹತ್ತರಲ್ಲೊಂದು ಪಾಲೂ ಇಲ್ಲ, ನಷ್ಟದಲ್ಲಿ ಮಾತ್ರ ಐದರಲ್ಲಿ ಎರಡು ಪಾಲು ಅದರದೇ. ಚಿನ್ನದ ಸಾಲದಲ್ಲಿ ಸುಸ್ತಿ ಗೃಹಸಾಲಕ್ಕಿಂತ ಎರಡೂವರೆ ಪಟ್ಟಿಗೂ ಹೆಚ್ಚು. ಆದರೂ ನಷ್ಟ ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಸುಸ್ತಿಯನ್ನು ಮಾತ್ರ ನೋಡಿ ಸಾಲದ ವಿಭಾಗವನ್ನು ತೂಗಬಾರದೆಂಬುದಕ್ಕೆ ಈ ಎರಡು ಸಾಲುಗಳು ಸಾಕು.

ಇಡೀ ಬ್ಯಾಂಕಿಗೆ ಒಂದೇ ಸರಾಸರಿ ಹಿಡಿದು ಲೆಕ್ಕ ಮುಗಿಸುವ ಅಡ್ಡದಾರಿ ಇಲ್ಲಿ ಕೈಕೊಡುತ್ತದೆ. ಬಾಕಿಯ ತೂಕದಿಂದ ಸರಾಸರಿ ಸುಸ್ತಿ ಸಂಭವ ಶೇ. 2.66, ಸರಾಸರಿ ನಷ್ಟ ಪ್ರಮಾಣ ಶೇ. 29.5. ಇವನ್ನು 208 ಕೋಟಿಗೆ ಗುಣಿಸಿದರೆ ಸುಮಾರು 163.5 ಲಕ್ಷ, ನಿಜವಾದ ಮೊತ್ತಕ್ಕಿಂತ 12 ಲಕ್ಷ ಕಡಿಮೆ. ಗುಣಾಕಾರವನ್ನು ಪ್ರತಿ ವಿಭಾಗದಲ್ಲಿ ಮುಗಿಸಿಕೊಂಡು ಆಮೇಲೆ ಕೂಡಬೇಕು.

## ಸುಸ್ತಿ ಮತ್ತು ವಸೂಲಾತಿಯ ನಂಟು

ಸೂತ್ರದ ಗುಣಾಕಾರ ಮೂರೂ ಅಂಶಗಳು ಒಂದನ್ನೊಂದು ಅವಲಂಬಿಸಿಲ್ಲ ಎಂಬ ಭಾವನೆ ಹುಟ್ಟಿಸುತ್ತದೆ. ವಾಸ್ತವದಲ್ಲಿ ಸುಸ್ತಿ ಹೆಚ್ಚಿದ ವರ್ಷವೇ ವಸೂಲಾತಿ ಕುಗ್ಗುತ್ತದೆ. ಹರಾಜಿಗೆ ಮನೆಗಳು ಹೆಚ್ಚು ಬರುತ್ತವೆ, ಕೊಳ್ಳುವವರು ಕಡಿಮೆಯಾಗಿರುತ್ತಾರೆ, ನ್ಯಾಯಮಂಡಳಿಗಳಲ್ಲಿ ಕಡತ ರಾಶಿ ಬೀಳುತ್ತದೆ.

ಒಂದೊಂದು ಲಕ್ಷದ 1,000 ಸಾಲಗಳಿವೆ ಎಂದುಕೊಳ್ಳೋಣ. ಐದು ವರ್ಷಗಳಲ್ಲಿ ನಾಲ್ಕು ಒಳ್ಳೆಯವು: 10 ಸಾಲಗಳು ಸುಸ್ತಿ, ನಷ್ಟ ಪ್ರಮಾಣ ಶೇ. 40, ನಷ್ಟ 4 ಲಕ್ಷ. ಒಂದು ಕೆಟ್ಟದ್ದು: 60 ಸಾಲಗಳು ಸುಸ್ತಿ, ನಷ್ಟ ಪ್ರಮಾಣ ಶೇ. 60, ನಷ್ಟ 36 ಲಕ್ಷ. ಐದು ವರ್ಷಗಳ ಸರಾಸರಿ ನಷ್ಟ ವರ್ಷಕ್ಕೆ 10.4 ಲಕ್ಷ. ಈಗ ಅಂಶಗಳನ್ನು ಬೇರೆ ಬೇರೆಯಾಗಿ ಸರಾಸರಿ ಮಾಡಿ ನೋಡಬೇಕು. ಸುಸ್ತಿ ಸಂಭವ ಶೇ. 2, ವರ್ಷಗಳ ಸರಾಸರಿ ನಷ್ಟ ಪ್ರಮಾಣ ಶೇ. 44, ಗುಣಿಸಿದರೆ 8.8 ಲಕ್ಷ ಮಾತ್ರ. ತಪ್ಪಿರುವುದು ವರ್ಷಗಳಿಗೆ ಸಮಾನ ತೂಕ ಕೊಟ್ಟಲ್ಲಿ. ಸುಸ್ತಿಯಾದ ಸಾಲಗಳಿಗೆ ಸಮಾನ ತೂಕ ಕೊಟ್ಟರೆ ನಷ್ಟ ಪ್ರಮಾಣ ಶೇ. 52 ಆಗಿ ಲೆಕ್ಕ ಸರಿಹೋಗುತ್ತದೆ. ಸುಸ್ತಿಯ ತೂಕದ ದೀರ್ಘಾವಧಿ ಸರಾಸರಿಗಿಂತ ಕಡಿಮೆ ನಷ್ಟ ಪ್ರಮಾಣವನ್ನು ಬಳಸಕೂಡದು, ಹಿಂಜರಿತದ ಕಾಲದ ನಷ್ಟವನ್ನೂ ಗಣಿಸಬೇಕು ಎಂದು ಬಾಸೆಲ್ ನಿಯಮ ಹೇಳುವುದು ಇದಕ್ಕಾಗಿ.

ಇದೇ ಲೆಕ್ಕದಲ್ಲಿ ಸೂತ್ರದ ಮಿತಿಯೂ ಕಾಣುತ್ತದೆ. ಐದೂ ವರ್ಷಗಳಲ್ಲಿ ಯಾವ ಒಂದು ವರ್ಷವೂ ನಷ್ಟ 10.4 ಲಕ್ಷ ಆಗಿಲ್ಲ. ಸರಾಸರಿ ಸರಿಯಾಗಿದ್ದರೂ ಕೆಟ್ಟ ವರ್ಷ ಅದರ ಮೂರೂವರೆ ಪಟ್ಟು ಹೊಡೆತ ಕೊಡುತ್ತದೆ. ಸುಸ್ತಿಗಳು ಒಟ್ಟೊಟ್ಟಿಗೆ ಬರುವ ಈ ಗುಣವನ್ನು ನಿರೀಕ್ಷಿತ ನಷ್ಟ ತೋರಿಸುವುದಿಲ್ಲ. ಅದು ಅನಿರೀಕ್ಷಿತ ನಷ್ಟದ ಕ್ಷೇತ್ರ. ಕಿರುಸಾಲಗಳಲ್ಲಿ ಇದು ಕಣ್ಣಿಗೆ ಹೊಡೆಯುವಂತೆ ಕಂಡಿದೆ. ಸಾವಿರಾರು ಸಣ್ಣ ಸಾಲಗಳಿಗೆ ಹಂಚಿಹೋದ ಅಪಾಯ ಎಂದು ನಂಬಿದ್ದ ಕಡೆ 2009ರಲ್ಲಿ ಕೋಲಾರ, ರಾಮನಗರ ಭಾಗದ ರೇಷ್ಮೆ ಕಸುಬಿನ ಊರುಗಳಲ್ಲಿ ಸಾಮೂಹಿಕವಾಗಿ ಕಂತು ನಿಂತವು. 2010ರ ಅಕ್ಟೋಬರ್‌ನಲ್ಲಿ ಆಂಧ್ರಪ್ರದೇಶ ಸರ್ಕಾರ ಕಿರುಸಾಲ ಸಂಸ್ಥೆಗಳ ಮೇಲೆ ಸುಗ್ರೀವಾಜ್ಞೆ ತಂದ ಮೇಲೆ, ಅಲ್ಲಿಯವರೆಗೆ ಬಹುಪಾಲು ಸರಿಯಾಗಿ ಬರುತ್ತಿದ್ದ ವಸೂಲಾತಿ ರಾಜ್ಯದಾದ್ಯಂತ ಕುಸಿದುಬಿತ್ತು. ಹಿಂದಿನ ವರ್ಷಗಳ ಸುಸ್ತಿ ದರದಲ್ಲಿ ಇದರ ಸುಳಿವೇ ಇರಲಿಲ್ಲ.

## ಅವಧಿಯ ಆಯ್ಕೆ

ಬಂಡವಾಳದ ಲೆಕ್ಕಕ್ಕೆ ಬಾಸೆಲ್ ಒಂದು ವರ್ಷದ ಅವಧಿಯನ್ನು ಹಿಡಿಯುತ್ತದೆ. ಲೆಕ್ಕಪತ್ರದ ಮಾನದಂಡವಾದ ಐಎಫ್‌ಆರ್‌ಎಸ್ 9 ಸಾಲಗಳನ್ನು ಮೂರು ಹಂತಗಳಲ್ಲಿ ಇಡುತ್ತದೆ. ಮೊದಲ ಹಂತದ ಸಾಲಗಳಿಗೆ ಮುಂದಿನ 12 ತಿಂಗಳಲ್ಲಿ ಆಗಬಹುದಾದ ಸುಸ್ತಿಗಳ ನಷ್ಟ ಸಾಕು. ಸಾಲ ಕೊಟ್ಟಾಗಿನದಕ್ಕಿಂತ ಅಪಾಯ ಗಣನೀಯವಾಗಿ ಹೆಚ್ಚಿದರೆ ಎರಡನೆಯ ಹಂತ, ಸುಸ್ತಿಯಾದರೆ ಮೂರನೆಯದು. ಇವೆರಡರಲ್ಲೂ ಸಾಲದ ಉಳಿದ ಆಯುಷ್ಯದ ನಷ್ಟವನ್ನೆಲ್ಲ ಲೆಕ್ಕಕ್ಕೆ ತರಬೇಕು. ಕಂತು 30 ದಿನ ಮೀರಿ ಬಾಕಿಯಾದರೆ, ಅಲ್ಲವೆಂದು ತೋರಿಸದ ಹೊರತು, ಅಪಾಯ ಹೆಚ್ಚಿದೆ ಎಂದೇ ಅರ್ಥ.

ಮೂರು ವರ್ಷಗಳ ಸಾಲವೊಂದರಲ್ಲಿ ವರ್ಷ ವರ್ಷದ ಬಾಕಿ 9, 6, 3 ಲಕ್ಷ, ಅಲ್ಲಿಯವರೆಗೆ ಉಳಿದು ಬಂದ ಸಾಲ ಆ ವರ್ಷ ಸುಸ್ತಿಯಾಗುವ ಸಂಭವ ಶೇ. 2, ನಷ್ಟ ಪ್ರಮಾಣ ಶೇ. 50 ಎಂದಿಟ್ಟುಕೊಂಡರೆ ಮೊದಲ ವರ್ಷದ ನಿರೀಕ್ಷಿತ ನಷ್ಟ 9,000 ರೂಪಾಯಿ, ಎರಡನೆಯದು 5,880, ಮೂರನೆಯದು 2,881. ಎರಡನೆಯ ವರ್ಷಕ್ಕೆ ಶೇ. 98ರಷ್ಟನ್ನೇ, ಮೂರನೆಯದಕ್ಕೆ ಅದರ ಶೇ. 98ನ್ನೇ ಹಿಡಿಯಬೇಕು, ಏಕೆಂದರೆ ಮೊದಲೇ ಸುಸ್ತಿಯಾದ ಸಾಲ ಮತ್ತೆ ಸುಸ್ತಿಯಾಗಲಾರದು. ಶೇ. 10ರ ಕಡಿತದರದಲ್ಲಿ 12 ತಿಂಗಳ ನಷ್ಟ ಸುಮಾರು 8,200, ಪೂರ್ಣಾವಧಿಯದು ಸುಮಾರು 15,200. ನಿಜವಾಗಿ ಎರಡನೆಯ ಹಂತಕ್ಕೆ ಜಾರುವ ಸಾಲದಲ್ಲಿ ಸುಸ್ತಿ ಸಂಭವವೇ ಏರಿರುವುದರಿಂದ ಜಿಗಿತ ಇದಕ್ಕಿಂತ ದೊಡ್ಡದು.

## ಉಪಯೋಗಗಳು

ಬಡ್ಡಿದರ ನಿಗದಿ ಇದರ ಮೊದಲ ಬಳಕೆ. ಹಿಂದಿನ ಕೋಷ್ಟಕದ ವೈಯಕ್ತಿಕ ಸಾಲದ ಮೇಲೆ ನಿರೀಕ್ಷಿತ ನಷ್ಟವೇ ಶೇ. 3.5, ಹಣ ತಂದ ಖರ್ಚು, ಆಡಳಿತ ವೆಚ್ಚ, ಬಂಡವಾಳದ ಮೇಲಿನ ಪ್ರತಿಫಲ ಇವೆಲ್ಲದರ ಮೇಲೆ ಅಷ್ಟನ್ನು ಸೇರಿಸದೆ ಕೊಟ್ಟ ಸಾಲ ನಷ್ಟದ ವ್ಯಾಪಾರ. ಇನ್ನುಳಿದಂತೆ, ಎಷ್ಟು ಹಣ ತೆಗೆದಿಡಬೇಕೆಂಬ ಲೆಕ್ಕ, ಸಾಲ ಸಮೂಹವನ್ನು ಬೇರೆ ಸಂಸ್ಥೆಗೆ ಮಾರುವಾಗಿನ ಬೆಲೆ, ವಿಭಾಗವಾರು ಸಾಲದ ಮಿತಿ ಇವುಗಳಿಗೂ ಇದೇ ಆಧಾರ.

## ಭಾರತದಲ್ಲಿ ಈಗಿನ ಸ್ಥಿತಿ

ಭಾರತದ ವಾಣಿಜ್ಯ ಬ್ಯಾಂಕುಗಳು ಇಲ್ಲಿಯವರೆಗೆ ನಡೆದುಬಂದದ್ದು ನರಸಿಂಹಮ್ ಸಮಿತಿಯ 1991ರ ವರದಿಯ ನಂತರ ರೂಪುಗೊಂಡ ನಿಗದಿತ ದರಗಳ ಪದ್ಧತಿಯಲ್ಲಿ. ಸರಿಯಾಗಿ ನಡೆಯುವ ಸಾಮಾನ್ಯ ಸಾಲಕ್ಕೆ ಶೇ. 0.40, ಕೃಷಿ ಮತ್ತು ಸಣ್ಣ ಉದ್ಯಮಗಳ ಸಾಲಕ್ಕೆ ಶೇ. 0.25, ಅನುತ್ಪಾದಕವಾದ ಮೊದಲ ವರ್ಷ ಒತ್ತೆಯಿರುವ ಸಾಲಕ್ಕೆ ಶೇ. 15, ಆಮೇಲೆ ಕಾಲ ಕಳೆದಂತೆ ಏರಿ ಶೇ. 100. ಲೆಕ್ಕ ಸುಲಭ, ತಿರುಚುವುದು ಕಷ್ಟ. ಆದರೆ ಹಣ ತೆಗೆದಿಡುವ ಕೆಲಸದ ದೊಡ್ಡ ಪಾಲು ಸುಸ್ತಿಯಾದ ಮೇಲೆ ಶುರುವಾಗುತ್ತದೆ. 2008ರ ಜಾಗತಿಕ ಬಿಕ್ಕಟ್ಟಿನಲ್ಲಿ ನಷ್ಟ ಸಂಭವಿಸಿದ ಮೇಲೆ ಲೆಕ್ಕಕ್ಕೆ ತರುವ ಪದ್ಧತಿಯ ಮೇಲೆ ಬಂದ ಆಕ್ಷೇಪವೂ ಇದೇ. 2014ರಲ್ಲಿ ಪ್ರಕಟವಾಗಿ 2018ರ ಜನವರಿಯಿಂದ ಜಾರಿಗೆ ಬಂದ ಐಎಫ್‌ಆರ್‌ಎಸ್ 9 ಅದರ ಫಲ.

ದೊಡ್ಡ ಬ್ಯಾಂಕೇತರ ಹಣಕಾಸು ಕಂಪನಿಗಳು ಇದರ ಭಾರತೀಯ ರೂಪವಾದ ಇಂಡ್ ಎಎಸ್ 109ನ್ನು 2018ರ ಏಪ್ರಿಲ್‌ನಿಂದ ಪಾಲಿಸುತ್ತಿವೆ. ಅವುಗಳ ಅಂದಾಜು ಹಳೆಯ ನಿಗದಿತ ದರಗಳಿಗಿಂತ ಕಡಿಮೆ ಬಂದರೆ ವ್ಯತ್ಯಾಸವನ್ನು ಪ್ರತ್ಯೇಕ ನಿಧಿಗೆ ಹಾಕಬೇಕೆಂದು ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನಲ್ಲಿ ಸೂಚಿಸಿತು. ಬ್ಯಾಂಕುಗಳ ವಿಷಯದಲ್ಲಿ 2023ರ ಜನವರಿಯಲ್ಲಿ ಚರ್ಚಾಪತ್ರ ಬಂತು. 2025ರ ಅಕ್ಟೋಬರ್‌ನ ಕರಡು 2027ರ ಏಪ್ರಿಲ್ 1ರಿಂದ ನಿರೀಕ್ಷಿತ ನಷ್ಟದ ಪದ್ಧತಿಗೆ ದಾಟಲು, ಹೆಚ್ಚುವರಿ ಹೊರೆಯನ್ನು 2031ರ ಮಾರ್ಚ್‌ವರೆಗೆ ಹಂತಹಂತವಾಗಿ ಹಂಚಿಕೊಳ್ಳಲು ಪ್ರಸ್ತಾಪಿಸಿದೆ. ಬ್ಯಾಂಕುಗಳ ಸ್ವಂತ ಅಂದಾಜು ಎಷ್ಟೇ ಕಡಿಮೆ ಬಂದರೂ ಇಳಿಯಬಾರದಾದ ಕನಿಷ್ಠ ದರಗಳನ್ನು ಕರಡು ಪ್ರತಿ ಹಂತಕ್ಕೂ ಇಟ್ಟುಕೊಂಡಿದೆ.